ಪುಸ್ತಕ ಮುಚ್ಚುವುದು ಯಾವಾಗ, ಮತ್ತೆ ತೆರೆಯುವುದು ಯಾವಾಗ

ಧಾರವಾಡದ ಸಪ್ತಾಪುರದಲ್ಲಿ, ಬೆಂಗಳೂರಿನ ವಿಜಯನಗರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ಕೈಯಲ್ಲಿ ಸಂವಿಧಾನದ ಪುಸ್ತಕವೊಂದು ಇದ್ದೇ ಇರುತ್ತದೆ. ಅದರ ಪುಟ ತೆರೆದು ನೋಡಿದರೆ ಮೊದಲ ಓದಿನ ಹಳದಿ ಗೆರೆ, ಎರಡನೆಯ ಓದಿನ ಹಸಿರು ಗೆರೆ, ಮೂರನೆಯದರ ಕೆಂಪು ಗೆರೆ ಒಂದರ ಮೇಲೊಂದು ಕಾಣುತ್ತವೆ. ಎಷ್ಟು ಸಲ ಮುಗಿಸಿದ್ದೀರಿ ಎಂದರೆ ‘ಮೂರು ರಿವಿಷನ್ ಆಯ್ತು’ ಎನ್ನುತ್ತಾರೆ. ರಾಷ್ಟ್ರೀಯ ತುರ್ತು ಪರಿಸ್ಥಿತಿಗೆ ಸಂಸತ್ತು ಎಷ್ಟು ದಿನದೊಳಗೆ ಒಪ್ಪಿಗೆ ಕೊಡಬೇಕು, ಯಾವ ಬಹುಮತದಿಂದ ಎಂದು ಕೇಳಿದರೆ ಅವರಲ್ಲಿ ಬಹಳ ಮಂದಿ ಒಂದು ಕ್ಷಣ ತಡವರಿಸುತ್ತಾರೆ. ಆ ಸಾಲು ಪುಟದ ಯಾವ ಮೂಲೆಯಲ್ಲಿದೆ ಎಂಬುದು ಕಣ್ಣಿಗೆ ಕಟ್ಟಿರುತ್ತದೆ, ಸಾಲಿನೊಳಗೆ ಏನಿದೆ ಎಂಬುದು ಮಾತ್ರ ನಾಲಿಗೆಗೆ ಬರುವುದಿಲ್ಲ.

ಆ ಅಭ್ಯರ್ಥಿಗಳಲ್ಲಿ ಶ್ರಮ ಕಡಿಮೆಯಿಲ್ಲ. ಮೂರು ಸಲವೂ ಒಂದೇ ಕೆಲಸವನ್ನು, ಅಂದರೆ ಓದುವುದನ್ನು, ಮಾಡಿದ್ದಾರೆ. ಪರೀಕ್ಷೆ ಕೇಳುವುದು ಬೇರೆಯೇ ಕೆಲಸ. ಪುಸ್ತಕ ಮುಚ್ಚಿಟ್ಟು ಓದಿದ್ದನ್ನು ನೆನಪಿನಿಂದಲೇ ಹೊರತೆಗೆಯುವ ಅಭ್ಯಾಸವನ್ನು ‘ಆಕ್ಟಿವ್ ರೀಕಾಲ್’ ಎಂದು ಕೋಚಿಂಗ್ ತರಗತಿಗಳಲ್ಲಿ, ಯೂಟ್ಯೂಬ್ ಪಾಠಗಳಲ್ಲಿ ಈಗ ಎಲ್ಲರೂ ಹೇಳುತ್ತಾರೆ. ಹಾಗೆ ಹೇಳುವವರು ಮರುಓದನ್ನು ಪೂರ್ತಿ ವ್ಯರ್ಥವೆಂದು ತಳ್ಳಿಹಾಕುವುದೂ ಉಂಟು. ಅದು ಸರಿಯಲ್ಲ. ಎರಡಕ್ಕೂ ಅವುಗಳದೇ ಜಾಗವಿದೆ. ಯಾವ ದಿನ ಯಾವುದು ಎಂಬುದನ್ನು ನಿರ್ಧರಿಸಲು ಒಂದು ನಂಬಿಕಸ್ಥ ಗುರುತೂ ಇದೆ: ನೆನಪಿನಿಂದ ಬರೆಯುವಾಗ ಆಗುವ ತಪ್ಪು ಎಂಥದ್ದು ಎಂಬುದೇ ಆ ಗುರುತು.

ಅದಕ್ಕೆ ಮುಂಚೆ ಒಂದು ಪ್ರಯೋಗವನ್ನು ತಿಳಿದುಕೊಳ್ಳಬೇಕು. 2006ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ ಎಂಬ ಮನೋವಿಜ್ಞಾನಿಗಳು ವಿದ್ಯಾರ್ಥಿಗಳಿಗೆ ಸಾಮಾನ್ಯ ವಿಜ್ಞಾನದ ಚಿಕ್ಕ ಲೇಖನಗಳನ್ನು ಕೊಟ್ಟರು. ಒಂದು ಗುಂಪು ಐದೈದು ನಿಮಿಷದ ನಾಲ್ಕು ಅವಧಿಗಳಲ್ಲೂ ಓದುತ್ತಲೇ ಇತ್ತು. ಇನ್ನೊಂದು ಗುಂಪು ಮೊದಲ ಅವಧಿಯಲ್ಲಿ ಮಾತ್ರ ಓದಿ, ಉಳಿದ ಮೂರರಲ್ಲಿ ಲೇಖನ ನೋಡದೆ ನೆನಪಿಗೆ ಬಂದದ್ದನ್ನೆಲ್ಲ ಖಾಲಿ ಹಾಳೆಯ ಮೇಲೆ ಬರೆಯಿತು. ಮೊದಲ ಗುಂಪಿನವರು ಸರಾಸರಿ 14 ಸಲ ಲೇಖನ ಓದಿದ್ದರು, ಎರಡನೆಯವರು ಮೂರು ಚಿಲ್ಲರೆ ಸಲ. ಐದು ನಿಮಿಷ ಬಿಟ್ಟು ಪರೀಕ್ಷೆ ಕೊಟ್ಟಾಗ ಓದಿದವರೇ ಮುಂದಿದ್ದರು, ಅವರದು ಶೇ. 83, ಬರೆದವರದು ಶೇ. 71. ಒಂದು ವಾರ ಬಿಟ್ಟು ಪರೀಕ್ಷಿಸಿದಾಗ ಫಲಿತಾಂಶ ತಿರುಗಿಬಿದ್ದಿತ್ತು. ಓದಿದವರಲ್ಲಿ ಉಳಿದದ್ದು ಶೇ. 40, ಬರೆದವರಲ್ಲಿ ಶೇ. 61.

ಈ ಅಂಕಿಗಳ ಮೊದಲರ್ಧವನ್ನು ಬಹಳ ಜನ ಹೇಳುವುದೇ ಇಲ್ಲ. ತಕ್ಷಣದ ಪರೀಕ್ಷೆಯಲ್ಲಿ ಮರುಓದೇ ಗೆದ್ದಿತ್ತು. ಹಿಂದಿನ ರಾತ್ರಿ ಪುಟ ತಿರುವಿ ಬೆಳಗ್ಗೆ ಬರೆದು ಬಂದ ಕಾಲೇಜು ದಿನಗಳ ಅನುಭವ ನಮಗೆ ಮರುಓದಿನ ಮೇಲೆ ಇಷ್ಟು ನಂಬಿಕೆ ಹುಟ್ಟಿಸಿರುವುದು ಅದರಿಂದಲೇ. ಸೆಮಿಸ್ಟರ್ ಪರೀಕ್ಷೆಗೆ ಅದು ಹೇಗೋ ಸಾಗುತ್ತದೆ. ಜನವರಿಯಲ್ಲಿ ಓದಿದ ಅಧ್ಯಾಯ ಮಾರ್ಚ್‌ನಲ್ಲಿ ಬೇಕಾಗುವ, ಅದೂ ಒಂದು ವಿಷಯವಲ್ಲ, ಸಂವಿಧಾನ, ಇತಿಹಾಸ, ಅರ್ಥಶಾಸ್ತ್ರ ಒಟ್ಟಿಗೆ ತಲೆಯಲ್ಲಿರಬೇಕಾದ ಪರೀಕ್ಷೆಗೆ ಸಾಗುವುದಿಲ್ಲ. ಇನ್ನೊಂದು ಮಾತು: ಒಂದು ವಾರದ ನಂತರ ಎಷ್ಟು ನೆನಪಿರಬಹುದು ಎಂದು ಕೇಳಿದಾಗ ಹೆಚ್ಚು ಆತ್ಮವಿಶ್ವಾಸದಿಂದ ಉತ್ತರಿಸಿದವರು ಬರೀ ಓದಿದವರೇ. ಪುಟ ಪರಿಚಿತವಾದಷ್ಟೂ ಓದು ಸರಾಗವಾಗುತ್ತದೆ, ಆ ಸರಾಗವನ್ನೇ ಮನಸ್ಸು ‘ಬಂತು’ ಎಂದು ಲೆಕ್ಕ ಹಾಕಿಕೊಳ್ಳುತ್ತದೆ. ಹಾಗಾಗಿ ಓದುತ್ತಿರುವಾಗ ಅನ್ನಿಸುವುದನ್ನು ನಂಬಿ ರಿವಿಷನ್ ಯೋಜನೆ ಹಾಕುವಂತಿಲ್ಲ.

ಈಗ ಒಂದು ಅಧ್ಯಾಯವನ್ನೇ ತೆಗೆದುಕೊಂಡು ನೋಡೋಣ. ಸಂವಿಧಾನದ ತುರ್ತು ಪರಿಸ್ಥಿತಿಯ ಉಪಬಂಧಗಳು, ಅಂದರೆ 352ರಿಂದ 360ರವರೆಗಿನ ವಿಧಿಗಳು. ಒಂದಕ್ಕೊಂದು ಹೋಲುವ ವಿವರಗಳು ಇಷ್ಟು ಒತ್ತೊತ್ತಾಗಿರುವ ಅಧ್ಯಾಯ ಇನ್ನೊಂದು ಸಿಗುವುದು ಕಷ್ಟ. ರಾಷ್ಟ್ರೀಯ, ರಾಜ್ಯ, ಹಣಕಾಸು ಎಂದು ಮೂರು ಬಗೆಯ ತುರ್ತು ಪರಿಸ್ಥಿತಿ, ಗಡುವು, ಬಹುಮತ, ಅವಧಿ ಮೂರಕ್ಕೂ ಒಂದೇ ಅಲ್ಲ. ಓದುವಾಗ ಎಲ್ಲವೂ ಸ್ಪಷ್ಟ, ಎರಡು ವಾರ ಕಳೆದರೆ ಒಂದರೊಳಗೊಂದು ಬೆರೆತುಹೋಗುತ್ತದೆ.

ಪರೀಕ್ಷೆಗೆ 60 ದಿನ ಇದೆ ಎಂದುಕೊಳ್ಳೋಣ. ಮೊದಲ ದಿನ ಓದೇ ಆಗಬೇಕು, ಅದರಲ್ಲಿ ಎರಡು ಮಾತಿಲ್ಲ. ತಲೆಯೊಳಗೆ ಹೋಗದೇ ಇರುವುದನ್ನು ಹೊರತೆಗೆಯಲು ಕೂರುವುದು ಬರೀ ಹಿಂಸೆ. ಆದರೆ ಗೆರೆ ಎಳೆಯುತ್ತ ಓದುವ ಬದಲು, ಪ್ರತಿ ಉಪಶೀರ್ಷಿಕೆ ಮುಗಿದಾಗ ಅಂಚಿನಲ್ಲಿ ಪೆನ್ಸಿಲ್‌ನಿಂದ ಒಂದು ಪ್ರಶ್ನೆ ಬರೆದಿಡಬೇಕು. ‘352ಕ್ಕೆ ಕಾರಣಗಳು ಯಾವುವು, ಯಾವುದು ಯಾವಾಗ ಬದಲಾಯಿತು?’ ‘358ಕ್ಕೂ 359ಕ್ಕೂ ಏನು ವ್ಯತ್ಯಾಸ?’ ‘356 ಒಂದು ವರ್ಷ ದಾಟಬೇಕಾದರೆ ಏನಿರಬೇಕು?’ ಇಡೀ ಅಧ್ಯಾಯಕ್ಕೆ ಇಂಥ ಹದಿನೈದು ಪ್ರಶ್ನೆ ಸಾಕು. ಮುಂದಿನ ಎರಡು ತಿಂಗಳು ನಡೆಯುವುದೆಲ್ಲ ಈ ಪ್ರಶ್ನೆಗಳ ಮೇಲೆ.

ಅದೇ ಸಂಜೆ ಅಥವಾ ಮರುದಿನ ಬೆಳಗ್ಗೆ ಮೊದಲ ಸಲ ಪುಸ್ತಕ ಮುಚ್ಚಿ, ಒಂದು ಖಾಲಿ ಹಾಳೆಯ ಮೇಲೆ ಉತ್ತರಗಳನ್ನು ಬರೆಯಬೇಕು. ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಬೇಡ. ಪೂರ್ಣ ವಾಕ್ಯವೂ ಬೇಡ, ಆದರೆ ಮನಸ್ಸಿನಲ್ಲೇ ‘ಗೊತ್ತು’ ಎಂದುಕೊಂಡು ಮುಂದಿನ ಪ್ರಶ್ನೆಗೆ ಹೋಗಕೂಡದು. ಬರೆದದ್ದನ್ನು ಮಾತ್ರ ಪುಸ್ತಕದ ಜೊತೆ ಹೋಲಿಸಿ ತಿದ್ದಲು ಬರುತ್ತದೆ. ಒಬ್ಬ ಅಭ್ಯರ್ಥಿಯ ಹಾಳೆ ಹೀಗಿರಬಹುದು:

‘352: ಯುದ್ಧ, ಬಾಹ್ಯ ಆಕ್ರಮಣ, ಆಂತರಿಕ ಗಲಭೆ. ಸಂಸತ್ತಿನ ಒಪ್ಪಿಗೆ 2 ತಿಂಗಳೊಳಗೆ, ವಿಶೇಷ ಬಹುಮತ. ಆರಾರು ತಿಂಗಳು ಮುಂದುವರಿಸಬಹುದು. ಇದುವರೆಗೆ 3 ಸಲ: 1962, 1971, 1975. 356: ಒಪ್ಪಿಗೆ 2 ತಿಂಗಳು, ಸರಳ ಬಹುಮತ, ಗರಿಷ್ಠ 3 ವರ್ಷ. ಒಂದು ವರ್ಷ ದಾಟಲು… 360: ಇದುವರೆಗೆ ಬಂದಿಲ್ಲ. ಅವಧಿ? 358, 359: ಎರಡರಲ್ಲೂ ಮೂಲಭೂತ ಹಕ್ಕು ಅಮಾನತು.’

ಈ ಹಾಳೆಯನ್ನು ನೋಡಿ ಅರವತ್ತು ಪರ್ಸೆಂಟ್ ಬಂದಿದೆ ಎಂದು ಅಂಕ ಹಾಕಿ ಎದ್ದುಹೋದರೆ ಅರ್ಧ ಲಾಭವಷ್ಟೇ. ಇದರಲ್ಲಿ ಮೂರು ಜಾತಿಯ ತಪ್ಪುಗಳಿವೆ, ಮೂರಕ್ಕೂ ಔಷಧ ಬೇರೆ.

ಮೊದಲನೆಯದು ಖಾಲಿ ಬಿಟ್ಟದ್ದು. 356 ಒಂದು ವರ್ಷ ದಾಟಲು ಎರಡು ಷರತ್ತು ಬೇಕು: ಇಡೀ ದೇಶದಲ್ಲೋ ಆ ರಾಜ್ಯದಲ್ಲೋ ಅದರ ಯಾವುದಾದರೂ ಭಾಗದಲ್ಲೋ ರಾಷ್ಟ್ರೀಯ ತುರ್ತು ಪರಿಸ್ಥಿತಿ ಜಾರಿಯಲ್ಲಿರಬೇಕು, ಮತ್ತು ಚುನಾವಣೆ ನಡೆಸಲು ತೊಂದರೆಯಿದೆ ಎಂದು ಚುನಾವಣಾ ಆಯೋಗ ಪ್ರಮಾಣೀಕರಿಸಬೇಕು. 360ಕ್ಕೆ ಒಮ್ಮೆ ಒಪ್ಪಿಗೆ ಸಿಕ್ಕರೆ ಮತ್ತೆ ಮತ್ತೆ ಒಪ್ಪಿಗೆ ಬೇಡ, ಹಿಂತೆಗೆಯುವವರೆಗೆ ನಡೆಯುತ್ತದೆ. ಇವು ಓದಿದಾಗ ಅರ್ಥವಾಗಿದ್ದವು, ಬರೆಯುವಾಗ ಕೈಗೆ ಸಿಗಲಿಲ್ಲ. ಇದಕ್ಕಾಗಿ ಅಧ್ಯಾಯವನ್ನು ಮತ್ತೆ ಓದುವುದು ದಂಡ. ಆ ಎರಡು ಸಾಲು ನೋಡಿ, ಪುಸ್ತಕ ಮುಚ್ಚಿ, ಹತ್ತು ನಿಮಿಷ ಬೇರೆ ಕೆಲಸ ಮಾಡಿ ಮತ್ತೊಮ್ಮೆ ಬರೆದರೆ ಆಯಿತು. ಪ್ರಯತ್ನಿಸಿ ಸಿಗದೇ ಹೋದದ್ದೂ ನಷ್ಟವಲ್ಲ. ವಿಫಲ ಪ್ರಯತ್ನದ ಬೆನ್ನಿಗೇ ಸರಿಯುತ್ತರ ನೋಡಿದರೆ ಅದು ಸುಮ್ಮನೆ ಓದಿದ್ದಕ್ಕಿಂತ ಚೆನ್ನಾಗಿ ನಿಲ್ಲುತ್ತದೆ ಎಂದು ನೇಟ್ ಕೊರ್ನೆಲ್ ಮತ್ತು ಸಂಗಡಿಗರು 2009ರಲ್ಲಿ ತೋರಿಸಿದ್ದಾರೆ. ‘ಬೆನ್ನಿಗೇ’ ಎಂಬುದನ್ನು ಮರೆಯಬಾರದು. ತಿದ್ದದೇ ಬಿಟ್ಟ ತಪ್ಪುತ್ತರ ಮುಂದಿನ ವಾರ ಅಷ್ಟೇ ಧೈರ್ಯದಿಂದ ಮತ್ತೆ ಬಂದು ಕೂರುತ್ತದೆ.

ಎರಡನೆಯದು ಅದಲುಬದಲು. 352ಕ್ಕೆ ಒಪ್ಪಿಗೆಯ ಗಡುವು ಒಂದು ತಿಂಗಳು. ಅಭ್ಯರ್ಥಿ 356ರ ಎರಡು ತಿಂಗಳನ್ನು ಇಲ್ಲಿಗೆ ತಂದಿದ್ದಾನೆ. ‘ಆಂತರಿಕ ಗಲಭೆ’ ಎಂಬುದು 1975ರಲ್ಲಿದ್ದ ಕಾರಣ. 1978ರ 44ನೇ ತಿದ್ದುಪಡಿ ಅದನ್ನು ತೆಗೆದು ‘ಸಶಸ್ತ್ರ ಬಂಡಾಯ’ ಎಂದು ಮಾಡಿತು. ಗಡುವನ್ನು ಎರಡು ತಿಂಗಳಿಂದ ಒಂದು ತಿಂಗಳಿಗೆ ಇಳಿಸಿದ್ದೂ ಅದೇ ತಿದ್ದುಪಡಿ. ಇಂಥ ತಪ್ಪು ಬಹಳ ಅಪಾಯಕಾರಿ, ಏಕೆಂದರೆ ಬರೆದವನಿಗೆ ಸಂಶಯವೇ ಬಂದಿರುವುದಿಲ್ಲ. ಬಹುಆಯ್ಕೆಯ ಪ್ರಶ್ನೆಪತ್ರಿಕೆ ತಯಾರಿಸುವವರು ಆಯ್ಕೆಗಳನ್ನು ಹೆಣೆಯುವುದೇ ಈ ಜಾಗದಲ್ಲಿ. ಮರುಓದಿನಲ್ಲಿ ಈ ತಪ್ಪು ಎಂದೂ ಹೊರಬೀಳುವುದಿಲ್ಲ. 352ರ ಪುಟದಲ್ಲಿ ಒಂದು ತಿಂಗಳು ಎಂದೂ 356ರ ಪುಟದಲ್ಲಿ ಎರಡು ತಿಂಗಳು ಎಂದೂ ಓದಿದಾಗ ಎರಡೂ ಸರಿಯಾಗಿಯೇ ಕಾಣುತ್ತವೆ. ಇದಕ್ಕೆ ಬೇಕಾದದ್ದು ಪ್ರಶ್ನೆಯನ್ನೇ ಬದಲಿಸುವುದು. ಒಂದೊಂದು ವಿಧಿಯನ್ನು ಬೇರೆ ಬೇರೆಯಾಗಿ ಕೇಳಿಕೊಳ್ಳದೆ, ‘ಮೂರಕ್ಕೂ ಗಡುವು, ಬಹುಮತ, ಅವಧಿ ಅಡ್ಡಡ್ಡ ಬರೆ’ ಎಂದು ಒಂದು ಪ್ರಶ್ನೆ ಸೇರಿಸಬೇಕು. ಜೊತೆಗೆ ವ್ಯತ್ಯಾಸಕ್ಕೆ ಕಾರಣವನ್ನೂ ಹಿಡಿದುಕೊಳ್ಳಬೇಕು. ತುರ್ತು ಪರಿಸ್ಥಿತಿಯ ಕಹಿ ಉಂಡು ಬಂದ ಸಂಸತ್ತು 352ನ್ನು ಹೇರುವುದು ಕಷ್ಟವಾಗುವಂತೆ ಕಟ್ಟಿತು: ಗಡುವು ಚಿಕ್ಕದು ಮಾಡಿತು, ವಿಶೇಷ ಬಹುಮತ ಬೇಕೆಂದಿತು, ಸಂಪುಟದ ಲಿಖಿತ ಸಲಹೆ ಕಡ್ಡಾಯ ಮಾಡಿತು. ಈ ಒಂದು ಕಾರಣ ಗೊತ್ತಿದ್ದರೆ ಮೂರು ಅಂಶಗಳೂ ಒಂದೇ ಎಳೆಯಲ್ಲಿ ಬರುತ್ತವೆ.

ಮೂರನೆಯದು ಅರ್ಥವೇ ಆಗದಿರುವುದು. ‘ಎರಡರಲ್ಲೂ ಮೂಲಭೂತ ಹಕ್ಕು ಅಮಾನತು’ ಎಂಬ ಸಾಲನ್ನು ನೋಡಿ. ಅದು ಮರೆವಲ್ಲ, 358 ಮತ್ತು 359 ಏಕೆ ಎರಡು ಬೇರೆ ವಿಧಿಗಳು ಎಂಬುದೇ ಓದಿದವನಿಗೆ ಹೊಳೆದಿಲ್ಲ. 358 ಬರೀ 19ನೇ ವಿಧಿಯ ಸ್ವಾತಂತ್ರ್ಯಗಳಿಗೆ ಸಂಬಂಧಿಸಿದ್ದು. ಯುದ್ಧ ಅಥವಾ ಬಾಹ್ಯ ಆಕ್ರಮಣದ ಕಾರಣಕ್ಕೆ ತುರ್ತು ಪರಿಸ್ಥಿತಿ ಘೋಷಣೆಯಾದ ಕೂಡಲೇ ಅದು ತಾನಾಗಿಯೇ ಜಾರಿಗೆ ಬರುತ್ತದೆ, ಸಶಸ್ತ್ರ ಬಂಡಾಯದ ಕಾರಣಕ್ಕಾದರೆ ಬರುವುದಿಲ್ಲ. 359ಕ್ಕೆ ರಾಷ್ಟ್ರಪತಿಯ ಪ್ರತ್ಯೇಕ ಆದೇಶ ಬೇಕು. ಅಲ್ಲಿ ಅಮಾನತಾಗುವುದು ಆದೇಶದಲ್ಲಿ ಹೆಸರಿಸಿದ ಹಕ್ಕುಗಳಿಗಾಗಿ ನ್ಯಾಯಾಲಯಕ್ಕೆ ಹೋಗುವ ಹಕ್ಕು, ಮತ್ತು 20, 21ನೇ ವಿಧಿಗಳನ್ನು ಮುಟ್ಟುವಂತಿಲ್ಲ. ಇದು ತಿಳಿಯದವನು ಖಾಲಿ ಹಾಳೆಯ ಮುಂದೆ ಹತ್ತು ಸಲ ಕೂತರೂ ಹತ್ತು ಸಲವೂ ಅದೇ ಮಸುಕು ಸಾಲನ್ನೇ ಬರೆಯುತ್ತಾನೆ. ಇಲ್ಲಿ ಮರುಓದು ಬೇಕೇ ಬೇಕು, ಅದೂ ನಿಧಾನವಾಗಿ, ಬೇಕಾದರೆ ಇನ್ನೊಂದು ಪುಸ್ತಕದಿಂದ, ಇಲ್ಲವೇ ತಿಳಿದವರನ್ನು ಕೇಳಿ. ಓದಿದ ಮೇಲೆ ‘ಸಶಸ್ತ್ರ ಬಂಡಾಯದ ಕಾರಣಕ್ಕೆ ತುರ್ತು ಪರಿಸ್ಥಿತಿ ಬಂದರೆ ವಾಕ್ ಸ್ವಾತಂತ್ರ್ಯದ ಗತಿಯೇನು?’ ಎಂದು ತನ್ನನ್ನೇ ಕೇಳಿಕೊಂಡು ಉತ್ತರಿಸಲಾದರೆ ಅರ್ಥವಾಗಿದೆ ಎಂದು ತಿಳಿಯಬಹುದು.

ಮರುಓದಿಗೆ ತಿರುಗಬೇಕಾದ ಇನ್ನೊಂದು ಸಂದರ್ಭವೂ ಉಂಟು. ಹದಿನೈದು ಪ್ರಶ್ನೆಗಳಲ್ಲಿ ಅರ್ಧಕ್ಕೂ ಉತ್ತರ ಹೊಳೆಯದಿದ್ದರೆ ಹಾಳೆ ಪಕ್ಕಕ್ಕಿಟ್ಟು ಅಧ್ಯಾಯವನ್ನೇ ಮತ್ತೊಮ್ಮೆ ಓದುವುದು ವಾಸಿ. ಈ ‘ಅರ್ಧ’ ಯಾವ ಸಂಶೋಧನೆಯ ಗೆರೆಯೂ ಅಲ್ಲ, ನಾನು ಇಟ್ಟುಕೊಂಡಿರುವ ಕೆಲಸದ ಅಳತೆ. ಅದಕ್ಕಿಂತ ಕೆಳಗಿದ್ದರೆ ಸಮಯವೆಲ್ಲ ತಿದ್ದುವುದರಲ್ಲೇ ಹೋಗುತ್ತದೆ, ನೆನಪಿನಿಂದ ತೆಗೆಯಲು ಒಳಗೆ ಸಾಕಷ್ಟು ಇರುವುದೇ ಇಲ್ಲ.

ಮುಂದಿನ ಪ್ರಶ್ನೆ, ಎಷ್ಟು ದಿನ ಬಿಟ್ಟು ಮತ್ತೆ ಕೂರಬೇಕು ಎಂಬುದು. ನಿಕೊಲಸ್ ಸೆಪೆಡಾ ಮತ್ತು ಸಹೋದ್ಯೋಗಿಗಳು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಾವಿರಕ್ಕೂ ಹೆಚ್ಚು ಜನ ಸಾಮಾನ್ಯ ಜ್ಞಾನದ ಸಂಗತಿಗಳನ್ನು ಕಲಿತು, ಬೇರೆ ಬೇರೆ ಅಂತರ ಬಿಟ್ಟು ಪುನರಾವರ್ತಿಸಿ, ಒಂದು ವಾರದಿಂದ ಒಂದು ವರ್ಷದವರೆಗಿನ ಅವಧಿಯ ನಂತರ ಪರೀಕ್ಷೆ ಕೊಟ್ಟರು. ಪರೀಕ್ಷೆ ದೂರವಿದ್ದಷ್ಟೂ ಒಳ್ಳೆಯ ಅಂತರವೂ ಉದ್ದವಾಗುತ್ತದೆ ಎಂದು ಕಂಡುಬಂತು. ವಾರದ ಪರೀಕ್ಷೆಗೆ ಒಂದೆರಡು ದಿನದ ಅಂತರ ಸಾಕಾದರೆ, ಎರಡು ತಿಂಗಳ ಆಚೆಯ ಪರೀಕ್ಷೆಗೆ ಹತ್ತು ದಿನದಿಂದ ಮೂರು ವಾರದವರೆಗಿನ ಅಂತರ ಹೊಂದುತ್ತದೆ. ಅಲ್ಲಿ ಪುನರಾವರ್ತನೆ ಒಂದೇ ಸಲ ಇತ್ತು, ನಾವು ಮೂರ್ನಾಲ್ಕು ಸಲ ಮಾಡುತ್ತೇವೆ, ಆದ್ದರಿಂದ ಅದನ್ನು ಪಂಚಾಂಗದಂತೆ ಕಟ್ಟುನಿಟ್ಟಾಗಿ ಹಿಡಿಯಬೇಕಿಲ್ಲ. ತುರ್ತು ಪರಿಸ್ಥಿತಿಯ ಅಧ್ಯಾಯಕ್ಕೆ ಎರಡನೆಯ ಸುತ್ತು ಎಂಟನೆಯ ದಿನದ ಸುಮಾರಿಗೆ, ಮೂರನೆಯದು ಇಪ್ಪತ್ತರ ಆಸುಪಾಸಿಗೆ, ನಾಲ್ಕನೆಯದು ನಲವತ್ತರ ಹೊತ್ತಿಗೆ ಬಂದರೆ ಸಾಕು. ಮಧ್ಯೆ ಎರಡು ದಿನ ಆಚೀಚೆಯಾದರೆ ಗಾಬರಿ ಬೇಡ.

ಎಂಟನೆಯ ದಿನ ಹಾಳೆ ಮುಂದಿಟ್ಟುಕೊಂಡಾಗ ತುಂಬ ಜನ ಸೋಲುವುದನ್ನು ಕಾಣಬಹುದು. ಮೊದಲ ಸಂಜೆ ಬಂದದ್ದರಲ್ಲಿ ಎಷ್ಟೋ ಹೋಗಿರುತ್ತದೆ, ‘ಈ ವಿಧಾನ ನನಗೆ ಆಗಿಬರುವುದಿಲ್ಲ’ ಎಂದು ಮತ್ತೆ ಹೈಲೈಟರ್ ಹಿಡಿಯುತ್ತಾರೆ. ಮರೆತದ್ದನ್ನು ತಡಕಾಡಿ ಹೊರತೆಗೆಯುವ ಆ ಕಷ್ಟವೇ ನೆನಪನ್ನು ಗಟ್ಟಿಮಾಡುವುದು. ಅಂತರ ಬಿಡುವುದೂ ಸ್ವಲ್ಪ ಮರೆಯಲಿ ಎಂದೇ. ಪ್ರತಿ ಪ್ರಶ್ನೆಗೆ ಅರ್ಧ ನಿಮಿಷವಾದರೂ ತಡಕಾಡಿ, ಆಮೇಲೆ ಪುಸ್ತಕ ನೋಡಬೇಕು. ಎರಡೇ ಕ್ಷಣಕ್ಕೆ ಪುಟ ತಿರುಗಿಸುವ ಚಟ ಬಂದರೆ ಅದು ಮರುಓದೇ, ಹೆಸರು ಮಾತ್ರ ಬೇರೆ.

ಈ ಸುತ್ತುಗಳಲ್ಲಿ ಇನ್ನೊಂದು ಆಮಿಷವಿದೆ. ಒಮ್ಮೆ ಸರಿ ಬಂದ ಪ್ರಶ್ನೆಯನ್ನು ಪಟ್ಟಿಯಿಂದ ತೆಗೆದುಹಾಕಿ ಬಾರದವನ್ನು ಮಾತ್ರ ಇಟ್ಟುಕೊಳ್ಳೋಣ ಎನಿಸುತ್ತದೆ. ಕಾರ್ಪಿಕಿ ಮತ್ತು ರೋಡಿಗರ್ 2008ರಲ್ಲಿ ಸ್ವಾಹಿಲಿ ಭಾಷೆಯ 40 ಪದಗಳನ್ನು ಕಲಿಸಿ ಇದನ್ನೇ ಪರಿಶೀಲಿಸಿದರು. ಒಮ್ಮೆ ಸರಿಯಾದ ಪದವನ್ನು ಮತ್ತೆ ಮತ್ತೆ ಕೇಳುತ್ತ ಹೋದವರಿಗೆ ವಾರದ ನಂತರ ಸುಮಾರು ಶೇ. 80 ನೆನಪಿತ್ತು. ಕೇಳುವುದನ್ನು ನಿಲ್ಲಿಸಿದವರಿಗೆ, ಓದು ಮುಂದುವರಿಸಿದ್ದರೂ, ಮೂರನೇ ಒಂದರಷ್ಟೇ ಉಳಿದಿತ್ತು. ಆದ್ದರಿಂದ ಬೇರೆ ಬೇರೆ ದಿನ ಮೂರು ಸಲವಾದರೂ ಸರಿ ಬರುವವರೆಗೆ ಪ್ರಶ್ನೆ ಪಟ್ಟಿಯಲ್ಲೇ ಇರಲಿ.

ನಾಲ್ಕನೆಯ ಸುತ್ತಿನ ಹೊತ್ತಿಗೆ ಅಂಕಿ, ಗಡುವುಗಳು ಸರಾಗವಾಗಿ ಬರುತ್ತವೆ. ಆಗ ಪ್ರಶ್ನೆಯ ಮಟ್ಟ ಏರಿಸದಿದ್ದರೆ ಶ್ರಮ ಪೋಲು. ಮುಖ್ಯ ಪರೀಕ್ಷೆಯ ಉತ್ತರಕ್ಕೆ ಬೇಕಾಗುವುದು ವಿಧಿಯ ಸಂಖ್ಯೆಯಲ್ಲ, ವಾದದ ಎಳೆ. ನಮ್ಮ ರಾಜ್ಯದ್ದೇ ಎಸ್. ಆರ್. ಬೊಮ್ಮಾಯಿ ಪ್ರಕರಣವನ್ನು ತೆಗೆದುಕೊಳ್ಳಿ. ಒಂಬತ್ತು ನ್ಯಾಯಮೂರ್ತಿಗಳ ಪೀಠ, 1994ರ ಮಾರ್ಚ್ 11ರ ತೀರ್ಪು ಎಂಬುದನ್ನು ಕಾರ್ಡಿನ ಮೇಲೆ ಬರೆದು ಬಾಯಿಪಾಠ ಮಾಡಬಹುದು. ‘ರಾಷ್ಟ್ರಪತಿ ಆಳ್ವಿಕೆ ಹೇರುವುದರ ಮೇಲೆ ನ್ಯಾಯಾಲಯದ ಹಿಡಿತವನ್ನು ಚರ್ಚಿಸಿ’ ಎಂದರೆ ಆ ಕಾರ್ಡು ನೆರವಿಗೆ ಬರುವುದಿಲ್ಲ. ಹತ್ತೊಂಬತ್ತು ಶಾಸಕರು ಬೆಂಬಲ ಹಿಂತೆಗೆದ ಪತ್ರಗಳನ್ನು ನೆಚ್ಚಿ ರಾಜ್ಯಪಾಲರು ವರದಿ ಕಳಿಸಿದ್ದು, ಅವರಲ್ಲಿ ಏಳು ಮಂದಿ ತಿರುಗಿ ಬಂದದ್ದು, ಸದನದಲ್ಲೇ ಬಹುಮತ ಸಾಬೀತು ಮಾಡುತ್ತೇನೆಂದು ಬೊಮ್ಮಾಯಿಯವರು ಹೇಳಿದರೂ ಅವಕಾಶ ಕೊಡದೆ 1989ರ ಏಪ್ರಿಲ್ 21ರಂದು ಸರ್ಕಾರವನ್ನು ವಜಾ ಮಾಡಿದ್ದು, ಹೈಕೋರ್ಟ್ ಅರ್ಜಿ ತಳ್ಳಿಹಾಕಿದ್ದು, ಕೊನೆಗೆ ಸುಪ್ರೀಂ ಕೋರ್ಟ್ ಬಹುಮತದ ಪರೀಕ್ಷೆ ನಡೆಯಬೇಕಾದದ್ದು ಸದನದಲ್ಲೇ ಹೊರತು ರಾಜಭವನದಲ್ಲಲ್ಲ ಎಂದದ್ದು, ಸಂಸತ್ತು ಒಪ್ಪುವವರೆಗೆ ವಿಧಾನಸಭೆಯನ್ನು ವಿಸರ್ಜಿಸುವಂತಿಲ್ಲ ಎಂದದ್ದು: ಇಷ್ಟನ್ನೂ ಒಂದರಿಂದೊಂದು ಹೇಗೆ ಹುಟ್ಟಿತು ಎಂದು ಹಾಳೆಯ ಮೇಲೆ ಕಟ್ಟಿ ನಿಲ್ಲಿಸಬೇಕು. ಇಂಥ ಪ್ರಶ್ನೆಗೆ ನೆನಪಿನಿಂದ ಬರೆಯುವ ಮುನ್ನ ಒಮ್ಮೆ ಓದಿಕೊಂಡರೆ ತಪ್ಪಿಲ್ಲ. ವಾದದ ಎಳೆ ಉದ್ದವಿದ್ದಷ್ಟೂ ಮರುಓದಿನ ಪಾಲು ಹೆಚ್ಚುತ್ತದೆ. ಓದಿದ ಮೇಲೆ ಅರ್ಧ ದಿನವಾದರೂ ಬಿಟ್ಟು ಬರೆಯಬೇಕು ಅಷ್ಟೇ.

ಸಮಯದ ಲೆಕ್ಕಕ್ಕೂ ಇದು ಭಾರವಲ್ಲ. ಈ ಅಧ್ಯಾಯವನ್ನು ಮನಸ್ಸಿಟ್ಟು ಮತ್ತೊಮ್ಮೆ ಓದಲು ಒಂದು ಗಂಟೆ ಬೇಕು. ಬರೆದು ತಿದ್ದಲು ಮೊದಲ ಸಲ ಮುಕ್ಕಾಲು ಗಂಟೆ ಹಿಡಿದರೂ ನಾಲ್ಕನೆಯ ಸಲಕ್ಕೆ ಇಪ್ಪತ್ತು ನಿಮಿಷಕ್ಕೆ ಇಳಿಯುತ್ತದೆ. ಆದರೆ ದಣಿವು ಹೆಚ್ಚು. ದಿನಕ್ಕೆ ಮೂರು ಅಧ್ಯಾಯಗಳಿಗಿಂತ ಜಾಸ್ತಿ ಹೀಗೆ ಮಾಡಹೊರಟರೆ ಹಾಳೆಗಳು ತೆಳ್ಳಗಾಗುತ್ತವೆ, ತಿದ್ದುವ ಕೆಲಸ ಜಾರಿಹೋಗುತ್ತದೆ. ತಲೆ ತಾಜಾ ಇರುವ ಬೆಳಗಿನ ಹೊತ್ತನ್ನು ಹಾಳೆಗೆ ಕೊಟ್ಟು, ಹೊಸ ಅಧ್ಯಾಯದ ಓದನ್ನು ಸಂಜೆಗಿಟ್ಟುಕೊಳ್ಳಬಹುದು. ಹಳೆಯ ಪ್ರಶ್ನೆಪತ್ರಿಕೆಯ ಬಹುಆಯ್ಕೆ ಪ್ರಶ್ನೆಗಳು ಈ ಹಾಳೆಗೆ ಪರ್ಯಾಯವಲ್ಲ, ಏಕೆಂದರೆ ಅಲ್ಲಿ ಉತ್ತರ ಕಣ್ಣೆದುರೇ ಇರುತ್ತದೆ, ಗುರುತಿಸಿದರೆ ಸಾಕು. ಆಯ್ಕೆಗಳ ಮೇಲೆ ಕೈಯಿಟ್ಟು ಮುಚ್ಚಿ ಮೊದಲು ತಾನೇ ಉತ್ತರ ಹೇಳಿ, ಆಮೇಲೆ ಕೈ ತೆಗೆದರೆ ಅವೂ ಕೆಲಸಕ್ಕೆ ಬರುತ್ತವೆ.

ಕೊನೆಯ ಎರಡು ದಿನ ಯೋಜನೆ ಬದಲಾಗುತ್ತದೆ. ಐದು ನಿಮಿಷದ ಪರೀಕ್ಷೆಯಲ್ಲಿ ಮರುಓದಿಗೆ ಸಿಕ್ಕ ಮೇಲುಗೈ ಇಲ್ಲಿ ನಮ್ಮ ಪರವಾಗಿರುತ್ತದೆ, ನಾಳೆ ಬೆಳಗ್ಗೆಯೇ ಬೇಕಾದ ವಿವರವನ್ನು ಈ ಸಂಜೆ ಓದಿದರೆ ಲಾಭವುಂಟು. ಆದರೆ ಓದಬೇಕಾದದ್ದು ದಪ್ಪ ಪುಸ್ತಕವನ್ನಲ್ಲ. ನಾಲ್ಕು ಸುತ್ತಿನ ಹಾಳೆಗಳಲ್ಲಿ ಎರಡು ಸಲಕ್ಕಿಂತ ಹೆಚ್ಚು ತಪ್ಪಿದ್ದನ್ನು ಮಾತ್ರ ಆರಿಸಿ, ಅಧ್ಯಾಯಕ್ಕೆ ನಾಲ್ಕೈದು ಸಾಲಿನಂತೆ ಮೊದಲೇ ಒಂದು ಕಡೆ ಬರೆದಿಟ್ಟುಕೊಂಡಿರಬೇಕು. ತುರ್ತು ಪರಿಸ್ಥಿತಿಗೆ ಅಲ್ಲಿರುವುದು ಇಷ್ಟೇ ಆಗಬಹುದು: 352ಕ್ಕೆ ಒಂದು ತಿಂಗಳು ಮತ್ತು ವಿಶೇಷ ಬಹುಮತ, 356 ಮತ್ತು 360ಕ್ಕೆ ಎರಡು ತಿಂಗಳು ಮತ್ತು ಸರಳ ಬಹುಮತ, 358 ತಾನಾಗಿಯೇ, 359ಕ್ಕೆ ಆದೇಶ, 20 ಮತ್ತು 21 ಅಬಾಧಿತ.